ಧೃತಿಗೆ ಚಿಕನ್ ಪಾಕ್ಸ್ ಆಗಿದೆ ಮಿಸ್, ರಜ ಬೇಕಿತ್ತು

ನಮಸ್ಕಾರ ಮಿಸ್,

ನಾನು ಎರಡನೇ ಕ್ಲಾಸ್ ಬಿ ಸೆಕ್ಷನ್ ಧೃತಿ ಅಮ್ಮ. ಇವತ್ತು ಅವಳು ಯಾಕೆ ಬಂದಿಲ್ಲ ಅಂತ ಫೋನಲ್ಲೇ ಹೇಳ್ಬಹುದಿತ್ತು, ಆದ್ರೆ ನೀವು ಬೇರೆ ಪೇರೆಂಟ್ಸ್‌ಗೂ ತಿಳಿಸ್ಬೇಕಾಗುತ್ತೆ, ಅದಕ್ಕೆ ಬರೆದೇ ಕಳಿಸ್ತಿದೀನಿ.

ಶನಿವಾರ 8ನೇ ತಾರೀಕು ಸಂಜೆ ಸ್ನಾನ ಮಾಡಿಸ್ವಾಗ ಬೆನ್ನ ಮೇಲೆ ಎರಡು ಕೆಂಪು ಚುಕ್ಕೆ ಕಾಣಿಸ್ತು, ಸೊಳ್ಳೆ ಕಚ್ಚಿರ್ಬೇಕು ಅಂತ ಸುಮ್ನಾದೆ. ಭಾನುವಾರ ಬೆಳಿಗ್ಗೆ ಎದ್ದು ನೋಡಿದ್ರೆ ಹೊಟ್ಟೆ, ಎದೆ, ಕತ್ತಿನ ಹತ್ರ ಎಲ್ಲಾ ಚುಕ್ಕೆ, ಅದ್ರಲ್ಲಿ ಒಂದಷ್ಟು ಆಗ್ಲೇ ನೀರು ತುಂಬ್ಕೊಂಡು ಎಲೆ ಮೇಲಿನ ಮಂಜಿನ ಹನಿ ತರ ಹೊಳೀತಿತ್ತು, ಜೊತೆಗೆ ಜ್ವರ. ಇವತ್ತು ಬೆಳಿಗ್ಗೆ ಮಕ್ಕಳ ಡಾಕ್ಟರಿಗೆ ತೋರಿಸ್ದೆ, ನೋಡಿದ ತಕ್ಷಣ ಚಿಕನ್ ಪಾಕ್ಸ್ ಅಂದ್ರು. ಕೆಲವು ಕೆಂಪು ಚುಕ್ಕೆ, ಕೆಲವು ನೀರು ಗುಳ್ಳೆ, ಕೆಲವು ಆಗ್ಲೇ ಒಣಗ್ತಿರೋದು, ಹೀಗೆ ಎಲ್ಲಾ ತರದ್ದೂ ಒಟ್ಟಿಗೆ ಇರೋದೇ ಇದರ ಗುರುತಂತೆ. ಇವಳಿಗೆ ಮೊದಲನೇ ಡೋಸ್ ವ್ಯಾಕ್ಸಿನ್ ಆಗಿತ್ತು, ಎರಡನೇದು ಹಾಕಿಸೋದು ತಪ್ಪಿಹೋಯ್ತು, ಅದು ನನ್ನದೇ ತಪ್ಪು.

ಎಲ್ಲಾ ಗುಳ್ಳೆನೂ ಒಣಗಿ ಹಕ್ಕಳೆ ಕಟ್ಟೋವರೆಗೂ ಬೇರೆಯವರಿಗೆ ಹರಡುತ್ತೆ. ಸಾಮಾನ್ಯವಾಗಿ ಚುಕ್ಕೆ ಶುರುವಾಗಿ ಐದಾರು ದಿನಕ್ಕೆ ಆಗುತ್ತಂತೆ, ಒಬ್ಬೊಬ್ರಿಗೆ ಒಂದು ವಾರನೂ ಹಿಡಿಯುತ್ತೆ, ಯಾಕಂದ್ರೆ ಮೂರ್ನಾಲ್ಕು ದಿನ ಹೊಸ ಗುಳ್ಳೆ ಏಳ್ತಾನೇ ಇರುತ್ತೆ. ಹಾಗಾಗಿ 15ನೇ ತಾರೀಕು ಶನಿವಾರದವರೆಗೂ ರಜ ಕೊಡಿ. ಅವತ್ತು ಡಾಕ್ಟರ್ ಇನ್ನೊಂದ್ಸಲ ನೋಡ್ತಾರೆ, ಎಲ್ಲಾ ಒಣಗಿದ್ರೆ 17ನೇ ತಾರೀಕು ಸೋಮವಾರ ಕಳಿಸ್ತೀನಿ, ಒಂದೇ ಒಂದು ಗುಳ್ಳೆ ಹಸಿ ಇದ್ರೂ ಕಳಿಸಲ್ಲ.

ನನಗೆ ಜಾಸ್ತಿ ಚಿಂತೆ ಆಗ್ತಿರೋದು ಹೋದ ಗುರುವಾರ, ಶುಕ್ರವಾರದ್ದು ಮಿಸ್. ಚುಕ್ಕೆ ಕಾಣಿಸೋಕೆ ಒಂದೆರಡು ದಿನ ಮುಂಚಿನಿಂದಾನೇ ಇದು ಹರಡೋಕೆ ಶುರುವಾಗುತ್ತಂತೆ, ಗುಳ್ಳೆ ನೀರಿಂದ ಅಷ್ಟೇ ಅಲ್ಲ, ಗಾಳೀಲೂ ಹರಡುತ್ತೆ. ಆ ಎರಡು ದಿನ ಅವಳು ಕ್ಲಾಸಲ್ಲೇ ಇದ್ಲು, ಪಾಪ ನಮಗೂ ಗೊತ್ತಿರ್ಲಿಲ್ಲ. ಅವಳಿಂದ ಯಾರಿಗಾದ್ರೂ ತಗುಲಿದ್ರೆ ಕಾಣಿಸ್ಕೊಳೋಕೆ 10ರಿಂದ 21 ದಿನ ಬೇಕು, ಅಂದ್ರೆ 16ರಿಂದ 28ನೇ ತಾರೀಕಿನವರೆಗೂ ಮಕ್ಕಳ ಮೈ ಮೇಲೆ ಕಣ್ಣಿಡೋಕೆ ಪೇರೆಂಟ್ಸ್‌ಗೆ ಹೇಳಿ. ವ್ಯಾಕ್ಸಿನ್ ಆಗಿಲ್ದೇ ಇರೋ ಮಕ್ಕಳಿದ್ರೆ ಅವ್ರು ಇವತ್ತೇ ಡಾಕ್ಟರನ್ನ ಕೇಳ್ಲಿ, ಸೋಂಕಿನ ಹತ್ರ ಇದ್ದು ಮೂರರಿಂದ ಐದು ದಿನದೊಳಗೆ ಹಾಕಿಸಿದ್ರೆ ಉಪಯೋಗ ಆಗುತ್ತಂತೆ, ಶುಕ್ರವಾರದಿಂದ ಲೆಕ್ಕ ಹಾಕಿದ್ರೆ ಟೈಮ್ ಜಾಸ್ತಿ ಇಲ್ಲ. ಜ್ವರ ಬಂದ್ರೆ ಆಸ್ಪಿರಿನ್ ಮಾತ್ರ ಕೊಡ್ಬಾರ್ದು, ಐಬುಪ್ರೊಫೇನ್ ಕೂಡ ಬೇಡ ಅಂದ್ರು, ನಾವು ಪ್ಯಾರಾಸಿಟಮಾಲ್ ಅಷ್ಟೇ ಕೊಡ್ತಿದೀವಿ.

ಇನ್ನೊಂದು ಮುಖ್ಯ ವಿಷಯ. ಟೀಚರ್ಸಲ್ಲಿ, ಆಯಾಗಳಲ್ಲಿ ಯಾರಾದ್ರೂ ಗರ್ಭಿಣಿ ಇದ್ರೆ, ಚಿಕ್ಕ ವಯಸ್ಸಲ್ಲಿ ಇದು ಬಂದಿದ್ದು ನೆನಪಿಲ್ಲ ಅಂದ್ರೆ, ದಯವಿಟ್ಟು ಲೇಟ್ ಮಾಡ್ದೆ ಅವರ ಡಾಕ್ಟರಿಗೆ ಹೇಳ್ಲಿ. ಕ್ಯಾನ್ಸರ್ ಟ್ರೀಟ್ಮೆಂಟ್ ತಗೊಳ್ತಿರೋರು, ಸ್ಟೆರಾಯ್ಡ್ ಮಾತ್ರೆ ತಗೊಳ್ತಿರೋ ಮಕ್ಕಳು, ಮನೇಲಿ ಈಗಷ್ಟೇ ಹುಟ್ಟಿರೋ ಮಗು ಇರೋರು, ಇವ್ರಿಗೂ ಹೇಳ್ಬೇಕು. ಮಕ್ಕಳಿಗೆ ಸಾಮಾನ್ಯವಾಗಿ ಹಾಗೇ ವಾಸಿಯಾಗೋ ಕಾಯಿಲೆ ಇವರಿಗೆ ತುಂಬಾ ಜೋರಾಗ್ಬಹುದು.

ತಮ್ಮ ಎಲ್‌ಕೆಜಿಲಿ ಇದಾನಲ್ಲ, ಅವನಿಗೆ ಎರಡೂ ಡೋಸ್ ಆಗಿದೆ, ಆರಾಮಾಗಿದಾನೆ. ಡಾಕ್ಟರ್ ಸ್ಕೂಲಿಗೆ ಕಳಿಸ್ಬಹುದು ಅಂದ್ರು. ದಿನಾ ಬೆಳಿಗ್ಗೆ ಅವನ ಶರ್ಟ್ ಬಿಚ್ಚಿ ಹೊಟ್ಟೆ, ಬೆನ್ನು ನೋಡೇ ಕಳಿಸ್ತಿದೀನಿ, ಒಂದು ಚುಕ್ಕೆ ಕಂಡ್ರೂ ಮನೇಲೇ ಇಟ್ಕೊಳ್ತೀನಿ.

ಧೃತಿಗೆ ಈಗ ಕೆರೆತದ್ದೇ ಕಷ್ಟ. ಉಗುರು ಪೂರ್ತಿ ಕತ್ತರಿಸಿದೀನಿ, ಕ್ಯಾಲಮೈನ್ ಹಚ್ತಿದೀನಿ, ರಾತ್ರಿ ಕೈಗೆ ಸಾಕ್ಸ್ ಹಾಕಿ ಮಲಗಿಸಿದ್ರೆ ನಿದ್ದೇಲಿ ಹಲ್ಲಲ್ಲಿ ಕಚ್ಚಿ ಎಳೆದು ಹಾಕ್ತಾಳೆ. ಹೋಮ್‌ವರ್ಕ್ ಈ ವಾರ ಬೇಡ ಮಿಸ್, ಜ್ವರ ಬಿಟ್ಮೇಲೆ ನಾನೇ ಕೇಳಿ ಬರೆಸ್ತೀನಿ. ಡ್ರಾಮಾದಲ್ಲಿ ಅವಳ ಮರದ ಪಾರ್ಟ್ ಬೇರೆಯವರಿಗೆ ಕೊಟ್ಬಿಡ್ತಾರಾ ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದಾಳೆ, ಇಲ್ಲ ಅಂತ ನಿಮ್ಮ ಕಡೆಯಿಂದ ಒಂದು ಮಾತು ಬಂದ್ರೆ ಮಗು ನೆಮ್ಮದಿಯಾಗಿ ಮಲಗುತ್ತೆ.

ಒಂದು ರಿಕ್ವೆಸ್ಟ್. ಅವಳು ವಾಪಸ್ ಬರೋವಾಗ ಮುಖದಲ್ಲಿ ಒಣಗಿದ ಹಕ್ಕಳೆ, ಕಪ್ಪು ಕಲೆ ಇದ್ದೇ ಇರುತ್ತೆ, ಹೋಗೋಕೆ ಟೈಮ್ ಬೇಕು. ಅದರಿಂದ ಯಾರಿಗೂ ಹರಡಲ್ಲ. ಪಕ್ಕದಲ್ಲಿ ಕೂರೋಕೆ ಮಕ್ಕಳು ಹಿಂದೆ ಮುಂದೆ ನೋಡ್ಬಹುದು, ಅವಳು ಬರೋ ಮುಂಚೆನೇ ಒಂದು ಮಾತು ಹೇಳಿಡಿ ಮಿಸ್, ಅವಳ ಬೆಂಚೂ ಬದಲಾಯಿಸ್ಬೇಡಿ. ಪೇರೆಂಟ್ಸ್ ಗ್ರೂಪಲ್ಲಿ ಹಾಕೋವಾಗ ಅವಳ ಹೆಸರು ಬೇಡ, ಕ್ಲಾಸಲ್ಲಿ ಒಂದು ಮಗುಗೆ ಆಗಿದೆ ಅಂದ್ರೆ ಸಾಕು.

ಡಾಕ್ಟರ್ ಚೀಟಿ ಫೋಟೋ ಇದರ ಜೊತೆನೇ ಕಳಿಸಿದೀನಿ. ಶನಿವಾರ ತೋರಿಸ್ಕೊಂಡು ಬಂದ್ಮೇಲೆ ಏನಂದ್ರು ಅಂತ ಮೆಸೇಜ್ ಹಾಕ್ತೀನಿ.

ಇಂತಿ,
ಧೃತಿ ಅಮ್ಮ
ಸೋಮವಾರ, 10ನೇ ತಾರೀಕು