ಕಾಲುಸಂಕಕ್ಕೆ ನೀವು ಕೊಟ್ಟ ಹಣ: ರಸೀದಿ ಮತ್ತು ಲೆಕ್ಕ

13 ಜನವರಿ 2025

ಪ್ರೀತಿಯ ಶಾರದಕ್ಕನಿಗೆ ನಮಸ್ಕಾರ.

ನೀವು ಕಳಿಸಿದ ಹಣ ಪೂರ್ತಿ ಬಂದು ತಲುಪಿದೆ. ಮೊದಲು ರಸೀದಿ, ಆಮೇಲೆ ಉಳಿದ ಮಾತು.

ರಸೀದಿ ಸಂಖ್ಯೆ: 41
ಕೊಟ್ಟವರು: ಶಾರದಾ ಹೆಗಡೆ, ಬೆಂಗಳೂರು
ಮೊತ್ತ: ₹40,000 (ನಲವತ್ತು ಸಾವಿರ ರೂಪಾಯಿ ಮಾತ್ರ)
ಬಂದದ್ದು: 9 ಜನವರಿಗೆ ₹25,000, 10 ಜನವರಿಗೆ ₹15,000, ಎರಡೂ ಯುಪಿಐ ಮೂಲಕ, ಸಮಿತಿಯ ಬ್ಯಾಂಕ್ ಖಾತೆಗೆ
ಉದ್ದೇಶ: ಹಳ್ಳದ ಕಾಲುಸಂಕದ ಕೈಪಿಡಿ ಮತ್ತು ಶಾಲೆ ಕಡೆಯ ಮೆಟ್ಟಿಲು

ರಸೀದಿ ನಾಲ್ಕು ದಿನ ತಡವಾಯಿತು, ಕ್ಷಮಿಸಿ. ಮೊದಲು ಬಂದ 25,000 ಯಾರದ್ದು ಅಂತಲೇ ಗೊತ್ತಾಗಲಿಲ್ಲ. ಖಾತೆಯಲ್ಲಿ ಕಾಣಿಸಿದ್ದು ನಿಮ್ಮ ಮಗನ ಹೆಸರು. ಅವನನ್ನು ನಾವೆಲ್ಲ ಕರೆಯುವುದು ಬೇರೆ ಹೆಸರಲ್ಲಿ ಅಲ್ವಾ? ನಿನ್ನೆ ನಿಮ್ಮ ಫೋನ್ ಬಂದ ಮೇಲೆಯೇ ಗಂಟು ಬಿಚ್ಚಿತು. ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಮಾಡಿದ ಕಾಗದದ ರಸೀದಿಯನ್ನು ಅಂಚೆಗೆ ಹಾಕಿದ್ದೇನೆ.

ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಕೇಳಿದ್ದಿರಿ. ಇಲ್ಲ ಅಕ್ಕ. ಅದಕ್ಕೆ ಹಣ ಪಡೆದ ಸಂಸ್ಥೆಗೆ 80ಜಿ ನೋಂದಣಿ ಇರಬೇಕು. ನಮ್ಮದು ಊರಿನವರೇ ಸೇರಿ ಮಾಡಿಕೊಂಡ ಸಣ್ಣ ಸಮಿತಿ. ಆ ನೋಂದಣಿ ನಮಗಿಲ್ಲ. ಹಾಗಾಗಿ ಈ ರಸೀದಿಯನ್ನು ರಿಟರ್ನ್ ತುಂಬುವಾಗ ತೋರಿಸಬೇಡಿ.

ಈಗ ಹಣ ಎಲ್ಲಿ ಹೋಗುತ್ತದೆ ಎಂಬ ಮಾತು.

ನೀವು ಊರು ಬಿಟ್ಟಾಗ ಇದ್ದ ಹಾಗೆಯೇ ಇದೆ ಸಂಕ. ಎರಡು ಅಡಿಕೆ ಮರ, ಒಂದು ಪಕ್ಕಕ್ಕೆ ಕಟ್ಟಿದ ಬಿದಿರು. ಮರ ಪ್ರತಿ ವರ್ಷ ಕುಂಬಾಗುತ್ತದೆ, ಪ್ರತಿ ವರ್ಷ ಹೊಸದು ಹಾಕುತ್ತೇವೆ. ಆಷಾಢದ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ. ಶಾಲೆ ಆಚೆ ದಡದಲ್ಲಿ ಕಣ್ಣಿಗೆ ಕಾಣುತ್ತದೆ, ಆದರೆ ಸಂಕ ಬಿಟ್ಟರೆ ಐದು ಕಿಲೋಮೀಟರ್ ಸುತ್ತು. ಹೋದ ಜುಲೈನಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ದಾಟುವಾಗ ಗಾಳಿಗೆ ಕೊಡೆ ಮಗುಚಿತು. ಅವಳು ಬಿದಿರು ಹಿಡಿದು ಕೂತುಬಿಟ್ಟಳು, ಅವಳಜ್ಜ ಹೋಗಿ ಕರೆತಂದರು. ಕೊಡೆ, ಚೀಲ ಎರಡೂ ಹೊಳೆ ಪಾಲು. ಆಮೇಲೆ ಒಂದು ವಾರ ಅವಳು ಶಾಲೆಗೆ ಹೋಗಲಿಲ್ಲ. ಸರ್ಕಾರಕ್ಕೆ ಕೊಟ್ಟ ಅರ್ಜಿಗಳ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಹೊಸ ಸಂಕ 22 ಅಡಿ ಉದ್ದ, 4 ಅಡಿ ಅಗಲ. ಎರಡೂ ದಡಕ್ಕೆ ಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ತೊಲೆ, ಅದರ ಮೇಲೆ ಕಾಂಕ್ರೀಟ್. ಚಿರೇಕಲ್ಲು ಸಾಕು, ಅಗ್ಗ ಆಗುತ್ತದೆ ಎಂದು ಕೆಲವರು ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ. ನೀರು ಬಡಿಯುವ ಜಾಗಕ್ಕೆ ಕಪ್ಪುಕಲ್ಲೇ ಬೇಕು ಎಂದರು. ಅವರ ಮಾತೇ ಸರಿ ಎಂದು ನನಗೂ ಅನಿಸಿತು.

ಒಟ್ಟು ಅಂದಾಜು ₹3,85,000. ಕಟ್ಟೆಗಳಿಗೆ 1,42,000, ತೊಲೆ ಮತ್ತು ಕಾಂಕ್ರೀಟಿಗೆ 1,98,500, ಕೈಪಿಡಿಗೆ 33,500, ಮೆಟ್ಟಿಲಿಗೆ 11,000. ಪಾಯ ತೋಡುವುದು, ಕಲ್ಲು ಹೊರುವುದು ಇದರಲ್ಲಿ ಸೇರಿಲ್ಲ. ಅದನ್ನು ಹದಿನಾಲ್ಕು ಮನೆಯವರು ಶ್ರಮದಾನದಲ್ಲಿ ಮಾಡುತ್ತಾರೆ.

ನಿಮ್ಮ ಹಣವನ್ನು ಕೈಪಿಡಿಗೇ ಇಟ್ಟಿದ್ದೇವೆ. "ಮಕ್ಕಳು ಹಿಡಿದುಕೊಳ್ಳುವುದಕ್ಕೆ ಏನಾದರೂ ಗಟ್ಟಿ ಇರಲಿ" ಎಂದು ನೀವು ಫೋನಿನಲ್ಲಿ ಹೇಳಿದ್ದು ನೆನಪಿದೆ. ಒಂದೂವರೆ ಇಂಚಿನ ಜಿಐ ಪೈಪು, ಇಪ್ಪತ್ತು ಅಡಿಯದ್ದು ಒಂಬತ್ತು ಬೇಕು. ಶಿರಸಿಯಲ್ಲಿ ಒಂದಕ್ಕೆ 1,800 ಹೇಳಿದ್ದಾರೆ, ಅಲ್ಲಿಗೆ 16,200. ಸಣ್ಣ ಮಕ್ಕಳು ಪೈಪಿನ ಕೆಳಗಿನಿಂದ ನುಸುಳಬಾರದು ಎಂದು ಎರಡೂ ಬದಿಗೆ ಮೂರಡಿ ಎತ್ತರದ ಜಾಳಿಗೆ, ಅದಕ್ಕೆ 4,500. ವೆಲ್ಡಿಂಗ್ ಮತ್ತು ಕೂಲಿ 9,000. ರೆಡ್ ಆಕ್ಸೈಡ್ ಮತ್ತು ಬಣ್ಣಕ್ಕೆ 2,300. ಪಿಕಪ್ ಬಾಡಿಗೆ 1,500. ಎಲ್ಲ ಸೇರಿ 33,500. ಉಳಿಯುವ 6,500 ಶಾಲೆ ಕಡೆಯ ಮೆಟ್ಟಿಲಿಗೆ. ಆ ದಡದ ಇಳಿಜಾರು ಮಳೆಯಲ್ಲಿ ಸಂಕಕ್ಕಿಂತ ಜಾಸ್ತಿ ಜಾರುತ್ತದೆ, ನಿಮ್ಮ ಮೊಣಕಾಲಿನ ಗಾಯವೂ ಅಲ್ಲಿಯದ್ದೇ ಅಲ್ವಾ? ಮೆಟ್ಟಿಲಿಗೆ ಇನ್ನೂ ಬೇಕಾದ 4,500 ಸಮಿತಿ ಹಾಕುತ್ತದೆ. ದರ ಏರಿಳಿತ ಆದರೆ ನಿಮಗೆ ತಿಳಿಸುತ್ತೇನೆ. ಬಿಲ್ಲುಗಳ ಫೋಟೋವನ್ನೂ ಕಳಿಸುತ್ತೇನೆ.

ನಿಮ್ಮದೂ ಸೇರಿ ಇವತ್ತಿನವರೆಗೆ ₹2,96,500 ಕೂಡಿದೆ. ಇನ್ನೂ 88,500 ಬೇಕು. ಇದನ್ನು ನಿಮ್ಮ ಹತ್ತಿರ ಮತ್ತೆ ಕೇಳುವುದಕ್ಕೆ ಬರೆಯುತ್ತಿಲ್ಲ. ಕೊಟ್ಟವರಿಗೆ ಪೂರ್ತಿ ಲೆಕ್ಕ ಗೊತ್ತಿರಬೇಕು, ಅಷ್ಟೇ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎಂದವರು ಆರೇಳು ಮಂದಿ ಇದ್ದಾರೆ. ಅಕಸ್ಮಾತ್ ಈ ಬೇಸಿಗೆಯಲ್ಲಿ ಕೆಲಸ ಶುರುವಾಗದಿದ್ದರೆ ನಿಮ್ಮ ಹಣ ಖಾತೆಯಲ್ಲೇ ಇರುತ್ತದೆ, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ವಾಪಸ್ ಬೇಕೆಂದರೆ ವಾಪಸ್.

ಕೊನೆಕೊಯ್ಲು ಮುಗಿಯದೆ ಯಾರ ಕೈಯೂ ಬಿಡುವಿಲ್ಲ. ಫೆಬ್ರವರಿ ಕೊನೆಗೆ ಹಳ್ಳದ ನೀರು ಇಳಿದ ಮೇಲೆ ಪಾಯ. ಮಾರ್ಚ್ ಮೂರನೇ ವಾರ ಕಾಂಕ್ರೀಟ್. ಆಮೇಲೆ ಮೂರು ವಾರ ಗೋಣಿಚೀಲ ಹಾಸಿ ನೀರು ಕುಡಿಸಬೇಕು. ಆ ಹೊತ್ತಿಗೆ ಹಳ್ಳದಲ್ಲೇ ನೀರಿರುವುದಿಲ್ಲ, ಅದೊಂದು ತಮಾಷೆ. ತೋಟದ ಬಾವಿಯಿಂದ ಪೈಪ್ ಎಳೆಯುತ್ತೇವೆ. ಏಪ್ರಿಲ್ ಕೊನೆಗೆ ಕೈಪಿಡಿ, ಮೇ ಮೊದಲ ವಾರ ಬಣ್ಣ. ಶಾಲೆ ತೆರೆಯುವ ಮೊದಲು ಮುಗಿಯಬೇಕು.

ಇನ್ನೊಂದು ವಿಷಯ ಹೇಳುವುದಕ್ಕೆ ಸ್ವಲ್ಪ ಕಷ್ಟ. ಸಂಕದ ತುದಿಯಲ್ಲಿ ಅಮ್ಮನ ಹೆಸರಿನ ಕಲ್ಲು ಹಾಕಬಹುದೇ ಎಂದು ಕೇಳಿದ್ದಿರಿ. ನಿನ್ನೆ ರಾತ್ರಿ ಸಭೆಯಲ್ಲಿ ಇಟ್ಟೆ. ಯಾರ ಹೆಸರೂ ಬೇಡ ಎಂದು ತೀರ್ಮಾನ ಆಯಿತು. ಹಣ ಕೊಟ್ಟವರ ಹೆಸರು ಬರೆದರೆ ಕಲ್ಲು ಹೊತ್ತವರ ಹೆಸರು ಎಲ್ಲಿ ಎಂದು ಒಬ್ಬರು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕದ ಪಟ್ಟಿಯಲ್ಲಿ ಮಾತ್ರ ಎಲ್ಲರ ಹೆಸರೂ ಇರುತ್ತದೆ, ಅದನ್ನು ಶಾಲೆಯ ಗೋಡೆಗೆ ಹಚ್ಚುತ್ತೇವೆ. ನಿಮ್ಮ ಹೆಸರಿನ ಮುಂದೆ "ಅಮ್ಮನ ನೆನಪಿಗೆ" ಎಂದು ಬರೆಯಲೇ? ಬೇಸರವಾಗಿದ್ದರೆ ಸುಮ್ನೆ ಇರಬೇಡಿ, ಫೋನ್ ಮಾಡಿ ಬೈಯಿರಿ. ಮಳೆಗಾಲದಲ್ಲಿ ನಿಮ್ಮಮ್ಮ ಸಂಕದ ಮೇಲೆ ಒಲೆಬೂದಿ ಎರಚಿ ನಮ್ಮನ್ನು ದಾಟಿಸುತ್ತಿದ್ದದ್ದು ನಾನು ಮರೆತಿಲ್ಲ.

ಹಣಕ್ಕೆ ಊರಿನ ಪರವಾಗಿ ಧನ್ಯವಾದ ಅಕ್ಕ. ನಿಮ್ಮ ಪಿಂಚಣಿಯಿಂದ ತೆಗೆದು ಕೊಟ್ಟದ್ದು ಎಂದು ಗೊತ್ತಿದೆ, ಪೈಸೆ ಪೈಸೆಗೂ ಲೆಕ್ಕ ಇಡುತ್ತೇನೆ.

ಆಲೆಮನೆ ಶುರುವಾಗಿದೆ. ಬುಧವಾರದ ರಾತ್ರಿ ಬಸ್ಸಿಗೆ ಬರುವ ನಮ್ಮ ಭಾವನ ಕೈಯಲ್ಲಿ ಎರಡು ಬಾಟಲಿ ಜೋನಿಬೆಲ್ಲ ಕಳಿಸುತ್ತಿದ್ದೇನೆ. ಖಾಲಿ ಬಾಟಲಿ ವಾಪಸ್ ಕಳಿಸಿ, ಅವು ಚಿಕ್ಕಮ್ಮನವು.

ನಿಮ್ಮ ತಮ್ಮನಂಥ,
ಖಜಾಂಚಿ
ಕಾಲುಸಂಕ ಸಮಿತಿ, ಶಿರಸಿ ತಾಲೂಕು