ಹಬ್ಬದ ಕ್ಲೀನಿಂಗ್: ಈ ಶನಿವಾರದಿಂದ ಮುಂದಿನ ಶನಿವಾರದ ತನಕ

ಮನೆಯವರೆಲ್ಲರೂ ಓದಿ. ಫ್ರಿಜ್ ಬಾಗಿಲಿಗೇ ಅಂಟಿಸಿದ್ದೇನೆ. "ನಾನು ನೋಡಲೇ ಇಲ್ಲ" ಅನ್ನೋ ಹಾಗಿಲ್ಲ.

ಹಬ್ಬ ಮುಂದಿನ ಭಾನುವಾರ. ಕಳೆದ ವರ್ಷ ಎಲ್ಲವನ್ನೂ ಹಿಂದಿನ ದಿನವೇ ಹಿಡಿದೆವು. ರಾತ್ರಿ ಹನ್ನೊಂದಕ್ಕೆ ಅಟ್ಟದ ಡಬ್ಬ ಇಳಿಸಿ, ಆಗಷ್ಟೇ ಒರೆಸಿದ ನೆಲದ ಮೇಲೆ ಧೂಳು ಸುರಿಸಿಕೊಂಡೆವು. ಈ ಸಲ ಲೆಕ್ಕ ಬೇರೆ. ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಹೊರಕ್ಕೆ, ಮೊದಲು ಒಣ ಕೆಲಸ, ಆಮೇಲೆ ನೀರು. ಧೂಳಿನ ಮೇಲೆ ನೀರು ಬಿದ್ದರೆ ಅದು ಕೆಸರು, ಅಷ್ಟೇ.

ಶುರು ಮಾಡುವ ಮುಂಚೆ ಎರಡು ಮಾತು. ಒಂದು: ಟಾಯ್ಲೆಟ್ ತೊಳೆಯುವ ಆಸಿಡ್ಡು ಮತ್ತು ಬ್ಲೀಚ್ ಯಾವತ್ತೂ ಒಟ್ಟಿಗೆ ಬೇಡ. ಒಂದೇ ದಿನ, ಒಂದೇ ಬಚ್ಚಲಲ್ಲಿ ಒಂದರ ಹಿಂದೆ ಒಂದು ಕೂಡ ಬೇಡ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ಈ ವಾರ ಬ್ಲೀಚ್ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಎರಡು: ಹೊಸ ದ್ರಾವಣ ಏನೇ ಇರಲಿ, ಮೊದಲು ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ.

ಶನಿವಾರ: ಅಟ್ಟ, ಸೀಲಿಂಗ್, ಫ್ಯಾನು (ಇಡೀ ಮನೆ)

ಅಟ್ಟದಿಂದ ಇಳಿಸುವುದು ಅಪ್ಪ, ಕೆಳಗೆ ಹಿಡಿಯುವುದು ಪುಟ್ಟ. ಇಳಿದದ್ದೆಲ್ಲ ವಾಪಸ್ ಹತ್ತಬೇಕಾಗಿಲ್ಲ. ಎರಡು ವರ್ಷ ಮುಟ್ಟದ ಡಬ್ಬವನ್ನು ತೆರೆದು ನೋಡಿ, ಬೇಡವಾದದ್ದನ್ನು ಅವತ್ತೇ ಹೊರಗೆ ಕಳಿಸಿ. ಹಳೇ ಟಿವಿಯ ಖಾಲಿ ಡಬ್ಬ ಯಾಕೆ ಇಟ್ಟಿದ್ದೀವಿ ಅಂತ ನನಗಂತೂ ಗೊತ್ತಿಲ್ಲ.

ಆಮೇಲೆ ಬಲೆ. ಉದ್ದ ಕೋಲಿನ ತುದಿಗೆ ಹಳೇ ಹತ್ತಿ ಬಟ್ಟೆ ಕಟ್ಟಿ, ಒಣಗಿದ್ದೇ ಇರಲಿ. ಒದ್ದೆ ಬಟ್ಟೆಗೆ ಬಲೆ ಸಿಕ್ಕರೆ ಗೋಡೆಗೆ ಕಪ್ಪು ಗೆರೆ ಬೀಳುತ್ತದೆ.

ಫ್ಯಾನಿಗೆ ಒಂದು ಉಪಾಯ: ಹಳೇ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ, ಎರಡೂ ಕಡೆ ಒತ್ತಿ ಹಿಡಿದು ಎಳೆಯಿರಿ. ಧೂಳು ಕವರಿನೊಳಗೇ ಉಳಿಯುತ್ತದೆ, ಹಾಸಿಗೆ ಮೇಲೆ ಬೀಳುವುದಿಲ್ಲ. ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಂದು ಸಲ ಒರೆಸಿ. ರೆಕ್ಕೆಯನ್ನು ಜೋರಾಗಿ ಒತ್ತಬೇಡಿ. ಸ್ವಲ್ಪ ಬಾಗಿದರೂ ಫ್ಯಾನು ಓಲಾಡುತ್ತದೆ. ಮೇನ್ ಸ್ವಿಚ್ ಆಫ್ ಮಾಡಿಯೇ ಏಣಿ ಹತ್ತಬೇಕು. ಅದೇ ಹೊತ್ತಲ್ಲಿ ಸ್ವಿಚ್ ಬೋರ್ಡುಗಳೂ ಆಗಲಿ: ಒಣ ಬಟ್ಟೆ, ಕಲೆ ಇದ್ದರೆ ತೇವದ ಬಟ್ಟೆಯ ತುದಿ. ಬೋರ್ಡಿನ ಮೇಲೆ ನೇರವಾಗಿ ಸ್ಪ್ರೇ ಬೇಡವೇ ಬೇಡ.

ಗೋಡೆಗಳು: ಹಾಲ್ ಮತ್ತು ನಮ್ಮ ರೂಮಿನಲ್ಲಿ ತೊಳೆಯುವಂಥ ಎಮಲ್ಷನ್ ಇದೆ. ಅಲ್ಲಿ ಮೆತ್ತಗಿನ ಸ್ಪಂಜು, ಎರಡು ಹನಿ ಪಾತ್ರೆ ಸೋಪು, ಉಜ್ಜುವುದು ಕಡಿಮೆ. ಅಜ್ಜಿಯ ರೂಮಿನದು ಡಿಸ್ಟೆಂಪರ್. ಅದನ್ನು ಒಣಗಿದ್ದರಲ್ಲೇ ಒರೆಸಿ. ನೀರು ತಾಗಿದರೆ ಬಣ್ಣ ಬಟ್ಟೆಗೆ ಬರುತ್ತದೆ.

ಭಾನುವಾರ: ಅಡುಗೆಮನೆ

ಇದಕ್ಕೆ ಇಡೀ ದಿನ ಬೇಕು. ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಗ್ಯಾಸಿನ ರೆಗ್ಯುಲೇಟರ್ ಬಂದ್. ಮಧ್ಯಾಹ್ನದ ಊಟದ ವಿಚಾರ ನೀವೇ ನೋಡಿಕೊಳ್ಳಿ.

ಮೊದಲು ಎಕ್ಸಾಸ್ಟ್ ಫ್ಯಾನ್ ಮತ್ತು ಚಿಮ್ನಿ ಫಿಲ್ಟರ್, ಅವು ನೆನೆಯಲು ಹೊತ್ತು ಹಿಡಿಯುತ್ತದೆ. ನಮ್ಮ ಚಿಮ್ನಿಯ ಫಿಲ್ಟರ್ ಸ್ಟೀಲ್. ಬಕೆಟ್ಟಿಗೆ ಬಿಸಿ ನೀರು, ಪಾತ್ರೆ ಸೋಪು, ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಜಿಡ್ಡು ತಾನಾಗಿ ಬಿಡುತ್ತದೆ, ಉಳಿದದ್ದಕ್ಕೆ ಹಳೇ ಟೂತ್ ಬ್ರಶ್ ಸಾಕು. ಕೈಗೆ ಗ್ಲೌಸ್ ಇರಲಿ. ಎಕ್ಸಾಸ್ಟಿನ ರೆಕ್ಕೆ ಮಾತ್ರ ಅಲ್ಯೂಮಿನಿಯಂ, ಅದನ್ನು ಈ ಬಕೆಟ್ಟಿಗೆ ಹಾಕಬೇಡಿ. ವಾಷಿಂಗ್ ಸೋಡಾ ತಾಗಿದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಅದಕ್ಕೆ ಬಿಸಿ ನೀರು, ಪಾತ್ರೆ ಸೋಪು ಇಷ್ಟೇ. ಮೋಟಾರಿನ ಮೇಲೆ ಒಂದು ಹನಿ ನೀರೂ ಬೀಳಬಾರದು.

ಇವು ನೆನೆಯುವಷ್ಟರಲ್ಲಿ ಮೇಲಿನ ಕಪಾಟು ಖಾಲಿ ಮಾಡಿ. ಡಬ್ಬಗಳನ್ನು ತೊಳೆದ ಮೇಲೆ ಬಿಸಿಲಿಗೆ ಬೋರಲು ಹಾಕಿ, ಪೂರ್ತಿ ಒಣಗುವ ತನಕ ತುಂಬಬೇಡಿ. ಒಳಗೆ ತೇವ ಉಳಿದರೆ ಬೇಳೆಗೆ ಹುಳ ಕರೆದ ಹಾಗೆ. ಕಪಾಟಿನ ಬಾಗಿಲು ಸನ್ಮೈಕಾ, ಒಳಗೆ ಪ್ಲೈವುಡ್. ತೇವದ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಅಂಚಿನಲ್ಲಿ ನೀರು ನಿಂತರೆ ಪ್ಲೈ ಉಬ್ಬುತ್ತದೆ. ಸಿಂಕಿನ ಕೆಳಗಿನ ಬಾಗಿಲು ಈಗಾಗಲೇ ಹೇಗಾಗಿದೆ ನೋಡಿ, ಗೊತ್ತಾಗುತ್ತದೆ.

ಒಲೆ: ಬರ್ನರ್ ತಣ್ಣಗಿದ್ದಾಗ ತೆಗೆದು ಹುಣಸೆಹಣ್ಣಿನ ಬಿಸಿ ನೀರಿನಲ್ಲಿ ನೆನೆಸಿ. ಹಿತ್ತಾಳೆ ಬರ್ನರ್ ಆದ್ದರಿಂದ ಹೊಳೆಯುತ್ತದೆ. ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಚೆನ್ನಾಗಿ ತೊಳೆದು, ಒಣಗಿಸಿಯೇ ಕೂರಿಸಿ. ಒದ್ದೆ ಇದ್ದರೆ ಉರಿ ಹಳದಿ ಬರುತ್ತದೆ, ಪಟಪಟ ಅನ್ನುತ್ತದೆ. ಒಲೆಯ ಗಾಜಿನ ಮೇಲೆ ಸ್ಟೀಲ್ ಸ್ಕ್ರಬ್ಬರ್ ಬೇಡ, ಗೀರು ಬಿದ್ದರೆ ಹೋಗುವುದಿಲ್ಲ. ಗಟ್ಟಿ ಕಲೆಗೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಡಿ.

ಗ್ರಾನೈಟ್ ಕಟ್ಟೆ: ಪಾತ್ರೆ ಸೋಪಿನ ನೀರು, ಮೆತ್ತಗಿನ ಬಟ್ಟೆ. ನಿಂಬೆ, ವಿನೆಗರ್ ಬೇಡ. ದಿನವೂ ಹಾಕಿದರೆ ಮೇಲಿನ ಪಾಲಿಶ್ ಮಂಕಾಗುತ್ತದೆ. ಸ್ಟೀಲ್ ಸಿಂಕನ್ನು ಅದರ ಗೆರೆಗಳ ದಿಕ್ಕಿನಲ್ಲೇ ಉಜ್ಜಿ.

ಫ್ರಿಜ್: ಪ್ಲಗ್ ತೆಗೆಯಿರಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ. ಇದರಲ್ಲಿ ಒರೆಸಿದರೆ ವಾಸನೆ ಹೋಗುತ್ತದೆ, ಸೋಪಿನ ವಾಸನೆಯೂ ಉಳಿಯುವುದಿಲ್ಲ. ಗಾಜಿನ ತಟ್ಟೆಗಳನ್ನು ತಣ್ಣಗಿರುವಾಗಲೇ ಬಿಸಿ ನೀರಿಗೆ ಹಾಕಬೇಡಿ, ಸೀಳುತ್ತವೆ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕಪ್ಪು ಕಟ್ಟಿರುತ್ತದೆ, ಅದಕ್ಕೂ ಟೂತ್ ಬ್ರಶ್ಶೇ. ಐಸನ್ನು ಚಾಕುವಿನಿಂದ ಎಬ್ಬಿಸುವವರು ನನ್ನ ಕಣ್ಣಿಗೆ ಬೀಳಬೇಡಿ.

ಸೋಮವಾರ, ಮಂಗಳವಾರ ಸಂಜೆ: ರೂಮುಗಳು

ಅಕ್ಕ ಮತ್ತು ಪುಟ್ಟ ಅವರವರ ಬೀರು ಅವರವರೇ ನೋಡಿಕೊಳ್ಳಿ. ನಾನು ಬಂದರೆ ಏನೇನು ಸಿಗುತ್ತದೋ ಗೊತ್ತಲ್ಲ.

ಹಾಸಿಗೆಗಳ ಮೇಲೆ ಅಡುಗೆ ಸೋಡಾ ತೆಳ್ಳಗೆ ಉದುರಿಸಿ, ಒಂದು ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿ. ಬಿಸಿಲಿದ್ದರೆ ಹತ್ತಿ ಹಾಸಿಗೆಗೆ ಎರಡೂ ಮಗ್ಗುಲು ಬಿಸಿಲು. ಫೋಮ್ ಹಾಸಿಗೆಗೆ ಸುಡು ಬಿಸಿಲು ಬೇಡ, ನೆರಳಿನ ಗಾಳಿ ಸಾಕು. ಕರ್ಟನ್ ಬಿಚ್ಚಿ, ಕೊಂಡಿ ತೆಗೆದು, ಮೊದಲು ಹೊರಗೆ ಕೊಡವಿ, ತಣ್ಣೀರಲ್ಲೇ ಒಗೆಯಿರಿ.

ತೇಗದ ಬೀರು, ಅಜ್ಜಿಯ ಮಂಚ: ಪೂರ್ತಿ ಹಿಂಡಿದ ಬಟ್ಟೆ, ಮರದ ಗೆರೆಗಳ ಉದ್ದಕ್ಕೆ. ಆಮೇಲೆ ಒಣ ಬಟ್ಟೆ. ಕೆತ್ತನೆಯ ಸಂದಿಗೆ ಹಳೇ ಪೇಂಟ್ ಬ್ರಶ್. ಬೀರುವಿನ ಕನ್ನಡಿಗೆ ದ್ರಾವಣವನ್ನು ಬಟ್ಟೆಗೆ ಹಾಕಿ, ಕನ್ನಡಿಗಲ್ಲ. ಅಂಚಿನಿಂದ ಒಳಗಿಳಿದರೆ ಹಿಂದಿನ ರಸ ಕಪ್ಪಗಾಗುತ್ತದೆ.

ಬುಧವಾರ: ಹಾಲ್

ಪುಸ್ತಕಗಳನ್ನು ಮುಚ್ಚಿಯೇ ಹಿಡಿದು ಮೇಲಂಚನ್ನು ಒಣ ಬ್ರಶ್ಶಿನಿಂದ ಗುಡಿಸಿ. ಟಿವಿ ಆಫ್ ಮಾಡಿ, ತಣ್ಣಗಾದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆ. ಗಾಜು ಒರೆಸುವ ದ್ರಾವಣ ಬೇಡ, ಅದು ಟಿವಿ ಪರದೆಯ ಮೇಲ್ಪದರ ಹಾಳುಮಾಡಬಹುದು. ಸೋಫಾದ ಸಂದಿಯಲ್ಲಿ ಸಿಕ್ಕ ಚಿಲ್ಲರೆ ಸಿಕ್ಕವರಿಗೇ.

ಕಿಟಕಿಯ ಹಳಿಗೆ ಮೊದಲು ಒಣ ಬ್ರಶ್, ಆಮೇಲೆ ವ್ಯಾಕ್ಯೂಮ್, ಕೊನೆಗೆ ಒದ್ದೆ ಬಟ್ಟೆ. ಕಿಟಕಿ ಕೆಳಗಿನ ಮಾರ್ಬಲ್ ಹಲಗೆ ಬಗ್ಗೆ ವಿಶೇಷವಾಗಿ ಬರೆಯುತ್ತೇನೆ. ಹೋದ ವರ್ಷ ನಾನೇ ನಿಂಬೆ ಹೋಳಿನಿಂದ ಉಜ್ಜಿದೆ, ಹೊಳೆಯಲಿ ಅಂತ. ಬಿಳಿ ಮಬ್ಬು ಕಲೆ ಇನ್ನೂ ಹಾಗೇ ಇದೆ. ಅದು ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದಿದೆ. ಮಾರ್ಬಲ್ಲಿಗೆ ಬರೀ ನೀರು, ಬೇಕಿದ್ದರೆ ಒಂದು ಹನಿ ಪಾತ್ರೆ ಸೋಪು.

ಗುರುವಾರ: ಬಚ್ಚಲು, ಟಾಯ್ಲೆಟ್

ನಲ್ಲಿಯ ಬಿಳಿ ಉಪ್ಪು ಉಜ್ಜಿದರೆ ಹೋಗುವುದಿಲ್ಲ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ, ತೊಳೆದು ಒರೆಸಿ. ಶವರಿನ ಮುಖಕ್ಕೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿದರೆ ತೂತುಗಳು ಬಿಟ್ಟುಕೊಳ್ಳುತ್ತವೆ. ಟೈಲ್ ಸಂದಿಯ ಸಿಮೆಂಟಿಗೆ ಮಾತ್ರ ಆಸಿಡ್ ಬೇಡ, ಸಂದಿ ಸವೆದು ನೀರು ಒಳಗಿಳಿಯುತ್ತದೆ. ಅಡುಗೆ ಸೋಡಾವನ್ನು ಹಿಟ್ಟಿನ ಹಾಗೆ ಕಲಸಿ, ಹಚ್ಚಿ, ಕಾಲು ಗಂಟೆಯ ನಂತರ ಬ್ರಶ್ ಮಾಡಿ. ಆಸಿಡ್ ಕಮೋಡಿನೊಳಗೆ ಮಾತ್ರ: ಅಂಚಿನ ಕೆಳಗೆ ಸುರಿದು 20 ನಿಮಿಷ ಬಿಡಿ, ಕಿಟಕಿ ತೆರೆದಿರಲಿ. ಈ ಕೆಲಸ ನನಗೆ ಬಿಡಿ.

ಶುಕ್ರವಾರ: ದೇವರ ಮನೆ, ಪಾತ್ರೆಗಳು

ಅಜ್ಜಿ ಹೇಳಿದ ಹಾಗೆ. ನನ್ನ ಕಡೆಯಿಂದ ಇಷ್ಟೇ: ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು. ಹಚ್ಚಿ ಹಾಗೇ ಬಿಟ್ಟು ಮಾತಿಗೆ ಕೂರಬೇಡಿ. ಉಜ್ಜಿದ ತಕ್ಷಣ ತೊಳೆದು, ತಕ್ಷಣ ಒರೆಸಿ, ಇಲ್ಲದಿದ್ದರೆ ನೀರಿನ ಕಲೆ ಬೀಳುತ್ತದೆ. ಬೆಳ್ಳಿಗೆ ಹುಣಸೆ ಬೇಡ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವ ಹಾಗೆ ಇಟ್ಟು, ಅಡುಗೆ ಸೋಡಾ ಹಾಕಿ ಬಿಸಿ ನೀರು ಸುರಿಯಿರಿ. ಕೆಲವೇ ನಿಮಿಷದಲ್ಲಿ ಕಪ್ಪು ಇಳಿಯುತ್ತದೆ. ಕಲ್ಲು ಕೂರಿಸಿದ್ದನ್ನೂ, ಬೇಕಂತಲೇ ಕಪ್ಪು ಕೊಟ್ಟ ಕೆತ್ತನೆಯನ್ನೂ ಇದರಲ್ಲಿ ಮುಳುಗಿಸಬೇಡಿ.

ಶನಿವಾರ: ನೆಲ, ಮುಂಬಾಗಿಲು

ಒಳ ರೂಮಿನಿಂದ ಹಿಮ್ಮುಖವಾಗಿ ಒರೆಸುತ್ತಾ ಬಾಗಿಲ ಕಡೆ ಬನ್ನಿ. ಹಾಲಿನ ವಿಟ್ರಿಫೈಡ್ ಟೈಲಿಗೆ ಅರ್ಧ ಬಕೆಟ್ ನೀರಿಗೆ ಒಂದು ಚಮಚ ದ್ರಾವಣ ಸಾಕು. ಜಾಸ್ತಿ ಹಾಕಿದರೆ ಅದೇ ಪೊರೆಯಾಗಿ ಕೂತು ಹೆಜ್ಜೆ ಗುರುತು ಎದ್ದು ಕಾಣುತ್ತದೆ. ಪ್ರತಿ ರೂಮಿಗೂ ನೀರು ಬದಲಾಯಿಸಿ. ಅಜ್ಜಿ ರೂಮಿನ ಕೆಂಪು ರೆಡ್ ಆಕ್ಸೈಡ್ ನೆಲಕ್ಕೆ ಬರೀ ನೀರು. ಪೂರ್ತಿ ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಹಳೇ ಬಟ್ಟೆಯಲ್ಲಿ ತಿಕ್ಕಿ, ಒಣ ಬಟ್ಟೆಯಿಂದ ಜಾರದ ಹಾಗೆ ಒರೆಸಿ ತೆಗೆಯಿರಿ. ಅಜ್ಜಿ ಅಲ್ಲಿ ಓಡಾಡುತ್ತಾರೆ, ನೆನಪಿರಲಿ.

ಗೇಟಿನ ಕಬ್ಬಿಣಕ್ಕೆ ಒದ್ದೆ ಬಟ್ಟೆ ಆದಮೇಲೆ ಒಣ ಬಟ್ಟೆ. ತುಕ್ಕು ಎದ್ದಲ್ಲಿ ಉಪ್ಪುಕಾಗದ, ಬಣ್ಣ ಹಬ್ಬ ಮುಗಿದ ಮೇಲೆ. ಹೊಸ್ತಿಲು ಕೊನೆಗೆ, ನಾನೇ ತೊಳೆಯುತ್ತೇನೆ. ಅದಾದ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಬರುವಂತಿಲ್ಲ, ಅಪ್ಪನೂ ಸೇರಿ.