ಸಮಯದ ಮಹತ್ವ

ಪೀಠಿಕೆ

ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಬೆಳಗ್ಗೆ ಬಸ್ ತಪ್ಪಬಾರದು ಅಂತ ಅಪ್ಪ ಬೇಕೆಂದೇ ಹಾಗೆ ಇಟ್ಟಿದ್ದಾರೆ. ಆದರೆ ಅದು ಮುಂದಿದೆ ಅನ್ನುವುದು ಮನೆಯವರಿಗೆಲ್ಲ ಗೊತ್ತು. ಹಾಗಾಗಿ ಮನಸ್ಸಿನಲ್ಲೇ ಹತ್ತು ನಿಮಿಷ ಕಳೆದುಕೊಂಡು, ನಿಧಾನವಾಗಿ ತಿಂಡಿ ತಿಂದು, ಕೊನೆಗೆ ಓಡುತ್ತಲೇ ಬಸ್ ಹತ್ತುತ್ತೇವೆ. ಗಡಿಯಾರಕ್ಕೆ ಮೋಸ ಮಾಡಬಹುದು, ಬಸ್ಸಿಗೆ ಆಗುವುದಿಲ್ಲ.

ಸಮಯ ಅಂದರೆ ಹಣ ಎಂದು ತುಂಬಾ ಜನ ಹೇಳುತ್ತಾರೆ. ನನಗೆ ಈ ಹೋಲಿಕೆ ಅಷ್ಟು ಸರಿ ಅನ್ನಿಸುವುದಿಲ್ಲ. ಹಣ ಕಡಿಮೆಯಾದರೆ ಪಕ್ಕದ ಮನೆಯಲ್ಲಿ ಕೈಗಡ ಸಿಗುತ್ತದೆ. ನಿನ್ನೆಯ ಸಂಜೆ ಐದು ಗಂಟೆಯನ್ನು ಯಾರ ಹತ್ತಿರ ಕೈಗಡ ಕೇಳುವುದು? ದಿನಕ್ಕೆ 24 ಗಂಟೆ, ಅಂದರೆ 1440 ನಿಮಿಷ, ಬಡವರಿಗೂ ಅಷ್ಟೇ, ಸಾಹುಕಾರರಿಗೂ ಅಷ್ಟೇ. ಆದರೆ ಎಷ್ಟು ಗಂಟೆ ಇದೆ ಅನ್ನುವುದಕ್ಕಿಂತ ಯಾವ ಕೆಲಸಕ್ಕೆ ಯಾವ ಹೊತ್ತು ಅನ್ನುವುದೇ ದೊಡ್ಡದು. ಇದನ್ನು ನಾನು ಕಲಿತದ್ದು ನಮ್ಮ ಮನೆಯ ರೇಷ್ಮೆ ಹುಳುಗಳಿಂದ.

ವಿಷಯ ವಿವರಣೆ

ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಈ ಕಡೆ ಸದಾ ಹರಿಯುವ ನದಿ ಇಲ್ಲ, ಕೊಳವೆ ಬಾವಿ ನೀರಿನಲ್ಲೇ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತೇವೆ. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನದಿಂದ ಎಲ್ಲರ ದಿನಚರಿ ಬದಲಾಗುತ್ತದೆ. ಸೊಪ್ಪು ಹಾಕುವ ಹೊತ್ತಿಗೆ ಸೊಪ್ಪು ಹಾಕಲೇಬೇಕು. ಮದುವೆ ಇರಲಿ, ಜಾತ್ರೆ ಇರಲಿ, ಒಬ್ಬರಾದರೂ ಮನೆಯಲ್ಲಿ ಉಳಿಯುತ್ತಾರೆ. ಹೆಚ್ಚಾಗಿ ಉಳಿಯುವವರು ನಮ್ಮ ಅಜ್ಜಿ.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದನ್ನು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ, ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು. ಚಿಕ್ಕವನಿದ್ದಾಗ ಪಾಪ ಹಸಿದಿವೆ ಅಂದುಕೊಂಡು ಒಂದು ತಟ್ಟೆಗೆ ಸೊಪ್ಪು ಹಾಕಿ ಬೈಸಿಕೊಂಡಿದ್ದೆ. ಸಮಯಕ್ಕೆ ಬೆಲೆ ಕೊಡುವುದು ಅಂದರೆ ಸದಾ ಏನಾದರೂ ಮಾಡುತ್ತಲೇ ಇರುವುದು ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಕೆಲವು ಹೊತ್ತಿನಲ್ಲಿ ಕೈಕಟ್ಟಿ ಕೂರುವುದೂ ಕೆಲಸವೇ. ರಾತ್ರಿಯೆಲ್ಲ ಎದ್ದಿದ್ದು ಓದಿ, ಪರೀಕ್ಷೆಯ ದಿನ ತೂಕಡಿಸುವವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳು ಗಬಗಬ ತಿನ್ನುತ್ತದೆ. ಆಮೇಲೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಕಳೆದ ಶ್ರಾವಣದಲ್ಲಿ ನಾನು ಹಾಗೆ ಅಂದೆ. ಆ ದಿನ ಮಧ್ಯಾಹ್ನ ಅಜ್ಜಿ, "ನಾಕು ಚಂದ್ರಿಕೆ ಕಡಿಮೆ ಬೀಳುತ್ತೆ, ಮಾವನ ಮನೆಯಿಂದ ತಗೊಂಡು ಬಾ" ಅಂದಿದ್ದರು. ದಾರಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಂದೇ ಓವರ್ ಅಂತ ನಿಂತೆ. ಮನೆಗೆ ಬಂದಾಗ ರಾತ್ರಿ ಎಂಟು ಗಂಟೆ. ಅಷ್ಟು ಹೊತ್ತಿಗೆ ಎಷ್ಟೋ ಹುಳುಗಳು ತಟ್ಟೆಯ ಕಸದಲ್ಲೇ, ಒಣಗಿದ ಸೊಪ್ಪಿನ ನಡುವೆ ನೂಲು ಬಿಡಲು ಶುರು ಮಾಡಿದ್ದವು. ಅಮ್ಮ, ಅಜ್ಜಿ ಇಬ್ಬರೂ ದೀಪದ ಕೆಳಗೆ ಬಗ್ಗಿಕೊಂಡು ಒಂದೊಂದನ್ನೇ ಬಿಡಿಸುತ್ತಿದ್ದರು. ಅಜ್ಜಿ ಹೊಡೆಯಲಿಲ್ಲ, ಜೋರಾಗಿ ಬೈಯಲೂ ಇಲ್ಲ. ತಲೆ ಎತ್ತದೆಯೇ, "ಹುಳಕ್ಕೆ ಗಡಿಯಾರ ಬೇಕಿಲ್ಲ ಕಣೋ, ನಿಂಗೇ ಬೇಕು" ಅಂದರು.

ಆ ಸಲ ಗೂಡುಗಳು ಕಲೆಯಾದವು, ಕೆಲವು ತೆಳ್ಳಗಾದವು. ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು, ಗೂಡು ಕೊಂಡು ನೂಲು ತೆಗೆಯುವ ರೀಲರ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ಹಾಗೇ ಕೆಳಗೆ ಬಿಟ್ಟರು. ಕೆಜಿಗೆ ಐವತ್ತು ರೂಪಾಯಿ ಕಡಿಮೆ ಸಿಕ್ಕಿತು. ತಪ್ಪು ರೀಲರದ್ದಲ್ಲ, ನನ್ನದು. ಇಪ್ಪತ್ತು ದಿನಕ್ಕೂ ಹೆಚ್ಚಿನ ದುಡಿಮೆ ಮೂರು ಗಂಟೆಯಲ್ಲಿ ಕೆಟ್ಟಿತು. ಉಳಿದ ದಿನಗಳಲ್ಲಿ ನಾನು ಎಷ್ಟು ಸೊಪ್ಪು ಕೊಯ್ದಿದ್ದೆ ಅನ್ನುವ ಲೆಕ್ಕ ಅಲ್ಲಿ ಯಾರೂ ಕೇಳಲಿಲ್ಲ.

ಗೂಡು ಬಿಡಿಸಿ ಮಾರುವುದಕ್ಕೂ ಹೊತ್ತಿದೆ. ತೀರಾ ಬೇಗ ಬಿಡಿಸಿದರೆ ಒಳಗಿನ ಹುಳು ಇನ್ನೂ ಎಳಸು. ತಡಮಾಡಿದರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದಂತೆ. ತೂತು ಬಿದ್ದರೆ ಆ ಎಳೆ ತುಂಡು ತುಂಡು. ಆ ಗೂಡನ್ನು ರೀಲರುಗಳು ಕೊಳ್ಳುವುದಿಲ್ಲ.

ಹೊತ್ತು ನೋಡಿ ನಡೆಯುವುದು ರೇಷ್ಮೆಯವರಿಗೆ ಮಾತ್ರ ಅಲ್ಲ. ಕೋಲಾರದ ಟೊಮೆಟೊ ಬೆಳೆಗಾರರು ಹಣ್ಣು ಮೆತ್ತಗಾಗುವ ಮುಂಚೆ ಮಾರುಕಟ್ಟೆ ಸೇರಿಸಬೇಕು. ರಾಗಿ ಬಿತ್ತುವವರು ಮಳೆಯ ಹದ ನೋಡಬೇಕು. ಕೆರೆಯ ತೂಬು, ಕಾಲುವೆಗಳನ್ನು ಮಳೆಗೆ ಮುಂಚೆ ಸರಿ ಮಾಡಬೇಕು. ಮಳೆ ಬಂದ ಮೇಲೆ ಹಾರೆ ಹಿಡಿದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಸಮಯಪಾಲನೆ ಅಂದ ಕೂಡಲೇ ನೆನಪಿಗೆ ಬರುವವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯದೇ ಊರು. ಅವರ ಹುಟ್ಟುಹಬ್ಬ ಸೆಪ್ಟೆಂಬರ್ 15 ಅನ್ನು ದೇಶವೆಲ್ಲ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಅವರ ಶಿಸ್ತಿನ ಬಗ್ಗೆ ಊರೂರಲ್ಲಿ ಕಥೆಗಳಿವೆ. ನನಗೆ ಇಷ್ಟವಾದದ್ದು ಮಾತ್ರ ಅವರ ಒಂದು ಕೆಲಸ. 1903ರಲ್ಲಿ ಪುಣೆ ಹತ್ತಿರದ ಖಡಕ್ವಾಸ್ಲಾ ಜಲಾಶಯಕ್ಕೆ ಅವರು ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಒಂದು ಮಟ್ಟ ದಾಟಿದರೆ ಅವು ತಾವಾಗಿಯೇ ತೆರೆಯುತ್ತಿದ್ದವು. ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಯಾರೋ ಬಂದು ತೆಗೆಯಲಿ ಅಂತ ಪ್ರವಾಹ ಕಾಯುತ್ತಾ ಕೂರುವುದಿಲ್ಲ ಅಲ್ವಾ? ಹೊತ್ತಿಗೆ ಸರಿಯಾಗಿ ತೆರೆಯುವುದನ್ನು ಅವರು ಬಾಗಿಲಿಗೇ ಕಲಿಸಿಬಿಟ್ಟರು.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ಕಳ್ಳ ಜೇಬಿನಲ್ಲೇ ಇದ್ದಾನೆ. ಮೊಬೈಲಿನಲ್ಲಿ ದಿನಕ್ಕೆ ಒಂದೇ ಗಂಟೆ ಹೋಯಿತು ಅಂದುಕೊಳ್ಳಿ. ವರ್ಷಕ್ಕೆ 365 ಗಂಟೆ. ಅಂದರೆ ಹಗಲು ರಾತ್ರಿ ಸೇರಿ 15 ದಿನಕ್ಕೂ ಜಾಸ್ತಿ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಒಂದು ಗಂಟೆಗೆ ನಿಲ್ಲಿಸುವವರು ಕಡಿಮೆ. ಪರೀಕ್ಷೆಯ ಕೋಣೆಯಲ್ಲೂ ಇದೇ ಕಥೆ. ಮೊದಲ ಪುಟಕ್ಕೆ ಅಂಚು ಗೆರೆ ಎಳೆದು, ತಲೆಬರಹಗಳಿಗೆಲ್ಲ ಬಣ್ಣದ ಅಡಿಗೆರೆ ಹಾಕುತ್ತಾ ಕೂತವರು ಪ್ರಬಂಧಕ್ಕೆ ಬರುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಹೋದ ಕಿರುಪರೀಕ್ಷೆಯಲ್ಲಿ ನಾನೇ ಹಾಗೆ ಪೀಠಿಕೆ ಮಾತ್ರ ಬರೆದು ಎದ್ದು ಬಂದಿದ್ದೆ.

ಉಪಸಂಹಾರ

ನಾಳೆ ಎಂದವನ ಮನೆ ಹಾಳು ಎಂಬ ಗಾದೆಯನ್ನು ಮೂರನೇ ತರಗತಿಯಿಂದ ಬಾಯಿಪಾಠ ಮಾಡಿದ್ದೇನೆ. ಅದರ ಅರ್ಥ ಗೊತ್ತಾದದ್ದು ಆ ಶ್ರಾವಣದ ರಾತ್ರಿ, ಕಸದಿಂದ ಹುಳು ಬಿಡಿಸುತ್ತಿದ್ದ ಅಜ್ಜಿಯ ಬೆರಳು ನೋಡಿದಾಗ. ಅಂದಿನಿಂದ ದೊಡ್ಡ ವೇಳಾಪಟ್ಟಿ ಏನೂ ಹಾಕಿಕೊಂಡಿಲ್ಲ. ಹಾಕಿಕೊಂಡವರು ಮೂರು ದಿನ ನಡೆಸಿದ್ದನ್ನೂ ನೋಡಿದ್ದೇನೆ. ನಾಳೆ ಬೇಕಾಗುವುದನ್ನು ಇವತ್ತೇ ತೆಗೆದಿಡುವುದು, ಅಷ್ಟೇ ಕಲಿಯುತ್ತಿದ್ದೇನೆ.

ಈಗಲೂ ಮನೆಯಲ್ಲಿ ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಹುಳು ಇದೆ. ನಾಲ್ಕನೇ ಜ್ವರ ನಿನ್ನೆ ಎದ್ದಿದೆ. ಇನ್ನೊಂದು ವಾರಕ್ಕೆ ಹಣ್ಣಾಗಬಹುದು. ಇವತ್ತು ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಮಾವನ ಮನೆಯ ನಾಲ್ಕು ಚಂದ್ರಿಕೆ ತಂದು, ತೊಳೆದು, ಬಿಸಿಲಿಗೆ ಒರಗಿಸಿ ಬಂದಿದ್ದೇನೆ.